ಕುಬಸದ ಹೋಳಿಗೆ ಮತ್ತು ‘ನೋಡೂಣ್ರಿ’

ಬಾಗಲಕೋಟೆ ಕಡೆ ಕುಬಸಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಕರೆದರೆ ಯಾರೂ ಬರುವುದಿಲ್ಲ ಅನ್ನುವುದಿಲ್ಲ. ಶುಭಕಾರ್ಯಕ್ಕೆ ಇಲ್ಲ ಅನ್ನಬಾರದು ಅಂತ ‘ನೋಡೂಣ್ರಿ’ ಅಂದುಬಿಡುತ್ತಾರೆ. ಹೋಳಿಗೆ ಆರ್ಡರ್ ಹಿಡಿಯುವ ನನಗೆ ಆ ಮಾತಿನ ತೂಕ ಕಿಲೋ ಲೆಕ್ಕದಲ್ಲಿ ಗೊತ್ತು.

ಕಿಲೋ ಕಡಲೆಬೇಳೆ, ಕಿಲೋ ಬೆಲ್ಲಕ್ಕೆ ಸುಮಾರು 40 ಹೋಳಿಗೆ. ತಲೆಗೆ ಎರಡು ಹಿಡಿದರೆ 20 ಎಲೆ. ಕರೆದ 60 ಮಂದಿಯಲ್ಲಿ 20 ಮಂದಿ ‘ನೋಡೂಣ್ರಿ’ ಅಂದಿದ್ದರೂ ಮನೆಯವರು ಮರ್ಯಾದೆಗೆ ಅಂಜಿ 60 ಎಲೆಗೇ ಹೇಳುತ್ತಾರೆ. ಆ 20ರಲ್ಲಿ ಬರುವವರು ಐದಾರು. ಎಲೆಗೆ 150 ರೂಪಾಯಿ ಹಿಡಿದರೂ 2,000 ರೂಪಾಯಿಗಿಂತ ಹೆಚ್ಚೇ ಹೋಯಿತು. ಬೇಯಿಸಿದ ಹೋಳಿಗೆ ಓಣಿಯಲ್ಲಿ ಹಂಚಬಹುದು. ಉಳಿದ ಹೂರಣ ಬೇಸಿಗೆಯಲ್ಲಿ ಮರುದಿನವೇ ಹುಳಿ ವಾಸನೆ ಹೊಡೆಯುತ್ತದೆ.

ಮೊದಲು ವಾಟ್ಸಾಪ್‌ನಲ್ಲಿ ಕೇಳಿಸಿ ನೋಡಿದೆ. ಎಲ್ಲರೂ ಹೆಬ್ಬೆರಳು ಒತ್ತಿದರು. ಅದು ‘ನೋಡಿದೆ’ ಅಂತಲೋ ‘ಬರ್ತೀನಿ’ ಅಂತಲೋ ತಿಳಿಯದೆ ಆ ಸಲ ಹೆಚ್ಚೇ ಉಳಿಯಿತು. ಈಗ ಎರಡು ದಿನ ಮೊದಲು ಮನೆಯ ಹೆಂಗಸರಿಂದಲೇ ಫೋನ್ ಮಾಡಿಸುತ್ತೇನೆ: ‘ನಾಳೆ ಬ್ಯಾಳಿ ತರಬೇಕ್ರಿ ಅಕ್ಕಾರ, ನಿಮ್ಮ ಎಲಿ ಹಿಡೀಲೋ ಬ್ಯಾಡೋ?’ ‘ಉಂಬೋರನ್ನ ಎಣಸ್ತಾರೇನ?’ ಅಂತ ಹಿರಿಯರು ಸಿಟ್ಟಾದರು. ಆದರೆ ಕೇಳಿದ್ದು ಎಲೆಯ ಮಾತು, ಶುಭಕಾರ್ಯಕ್ಕೆ ಬರುವ ಮಾತಲ್ಲ. ಹಾಗಾಗಿ ‘ಎಲಿ ಬ್ಯಾಡ್ರಿ, ಸಂಜಿಕ ಬಂದು ಹೋಗ್ತೀನಿ’ ಅನ್ನಲು ಬಾಯಿ ಬರುತ್ತದೆ. ಕಳೆದ ಮೂರು ಕುಬಸಗಳಲ್ಲಿ ಐದು ಎಲೆಗಿಂತ ಹೆಚ್ಚು ಉಳಿದಿಲ್ಲ. ಒಪ್ಪದವರೇ ಈಗ ಫೋನ್ ನಂಬರ್ ಪಟ್ಟಿ ತಂದುಕೊಡುತ್ತಾರೆ. ಯಾರ ‘ನೋಡೂಣು’ ಬರುವ ನೋಡೂಣು ಅಂತ ದನಿಯಲ್ಲೇ ಗುರುತಿಸುವ ಬಗೆ ಒಂದಿದೆ. ಅದು ನನ್ನ ಕಸುಬಿನ ಗುಟ್ಟು, ಇಲ್ಲಿ ಬೇಡ.

ಉಡಿ ತುಂಬುವ ಐವರು ಮುತ್ತೈದೆಯರಲ್ಲಿ ಒಬ್ಬರಾಗಿ ಕರೆಸಿಕೊಂಡವರು ಮಾತ್ರ ‘ನೋಡೂಣು’ ಅನ್ನಲೇಬಾರದು. ಅವರಿಗಾಗಿ ಖಣ ತಂದಿಟ್ಟಿರುತ್ತಾರೆ. ಹಸಿರು ಸೀರೆ ಉಟ್ಟ ಬಸುರಿ ಮಣೆಯ ಮೇಲೆ ಕಾಯುತ್ತಾಳೆ, ನಾಲ್ವರು ಬಾಗಿಲು ನೋಡುತ್ತಾರೆ, ಆ ಹೊತ್ತಿನಲ್ಲಿ ಐದನೆಯವರನ್ನು ಹುಡುಕುವುದು ಕಷ್ಟ. ಕರೆದ ದಿನವೇ ‘ನನಗ ಆಗಂಗಿಲ್ರಿ, ಇನ್ನೊಬ್ಬರನ್ನ ಹೇಳ್ರಿ’ ಅಂದರೆ ಆ ಮನೆಗೆ ದೊಡ್ಡ ಉಪಕಾರ.

ಸಾವಿರ ಎಲೆಯ ಮದುವೆಗೆ ‘ನೋಡೂಣ್ರಿ’ ಅಂದರೆ ಯಾರಿಗೂ ತೊಂದರೆಯಿಲ್ಲ. ಅಲ್ಲಿ ಅನ್ನ-ಸಾರು ಅಂದಾಜಿನ ಮೇಲೆ ನಡೆಯುತ್ತದೆ, ಎದುರಿಗೇ ಇಲ್ಲ ಅಂದರೆ ಕರೆಯೋಲೆ ಹಿಡಿದು ಬಂದವರ ಮುಖ ಸಣ್ಣದಾಗುತ್ತದೆ. ಪುಣೆಯಲ್ಲಿ ರಜೆಗೆ ಕಾಯುವ ಮಗಳೋ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯೋ ಇದ್ದವರ ‘ನೋಡೂಣು’ ಸಹ ನಿಜವಾದದ್ದೇ. ಅಂಥವರಿಗೆ ದಿನ ಕಟ್ಟಿಸುತ್ತೇನೆ: ‘ಗುರುವಾರ ಸಂಜಿಮಟಾ ಹೇಳ್ರಿ.’ ಗುರುವಾರ ದಾಟಿದರೆ ಎಲೆ ತೆಗೆದು, ಬೇಳೆ ತೂಗಿಸುತ್ತೇನೆ. ಆಮೇಲೂ ಬಂದವರಿಗೆ ಬಡಿಸಲು ಅರ್ಧ ಕಿಲೋ ಬೇಳೆಯ ಹೂರಣ ಬೇರೆ ಇಟ್ಟಿರುತ್ತೇನೆ.