ಒಂದು ವಾಟ್ಸ್‌ಆ್ಯಪ್ ಕರೆಗೆ ಎಷ್ಟು ಡೇಟಾ? ಮನೆಯಲ್ಲೇ ಅಳೆಯಿರಿ

ಪೆರ್ಲದ ನಮ್ಮ ನೆರೆಮನೆಯ ಅಕ್ಕ ಬೆಂಗಳೂರಿನ ಮಗನೊಡನೆ ದಿನವೂ ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದರು. ದಿನದ 1.5 ಜಿಬಿ ಸಂಜೆಯೊಳಗೆ ಮುಗಿಯಲು ಆ ಕರೆಯೇ ಕಾರಣವೆಂದು ಯಾರೋ ಹೇಳಿದ ಮೇಲೆ ಮಾತನ್ನು ಐದು ನಿಮಿಷಕ್ಕೆ ಇಳಿಸಿದರು. ಅಳೆಯದೆ ಹೇಳಿದ ಮಾತಿಗೆ ತಾಯಿ ಮಗನ ಮಾತು ಕಡಿಮೆಯಾದದ್ದು ನನಗೆ ಸಹಿಸಲಾಗಲಿಲ್ಲ.

ಹೆಚ್ಚಿನವರು ಕರೆಗೆ ಮೊದಲು ಮತ್ತು ಆಮೇಲೆ ಪ್ಯಾಕಿನಲ್ಲಿ ಉಳಿದ ಡೇಟಾ ನೋಡಿ ಕಳೆಯುತ್ತಾರೆ. ಆ ಹತ್ತು ನಿಮಿಷದಲ್ಲಿ ಗುಂಪುಗಳ ಫೋಟೊಗಳು ಇಳಿದಿರುತ್ತವೆ, ಯಾವುದೋ ಆ್ಯಪ್ ತಾನಾಗಿ ನವೀಕರಣಗೊಂಡಿರುತ್ತದೆ. ಎಲ್ಲವೂ ಕರೆಯ ಲೆಕ್ಕಕ್ಕೆ ಬೀಳುತ್ತದೆ. ಡೇಟಾ ಅಳೆಯುವ ಬೇರೆ ಆ್ಯಪ್‌ಗಳನ್ನೂ ಹಾಕಿಕೊಳ್ಳಬೇಡಿ. ಜಾಹೀರಾತು ತೋರಿಸಲು ಅವುಗಳಲ್ಲಿ ಹಲವು ತಾವೇ ಡೇಟಾ ತಿನ್ನುತ್ತವೆ.

ಮೊದಲ ಹೆಜ್ಜೆ ಸುಲಭ. ವಾಟ್ಸ್‌ಆ್ಯಪ್‌ನಲ್ಲಿ Settings, ಅದರಲ್ಲಿ Storage and data, ಅದರಲ್ಲಿ Network usage ತೆರೆಯಿರಿ. ಕೆಳಗಿರುವ Reset statistics ಒತ್ತಿದರೆ ಹಳೆಯ ಲೆಕ್ಕ ಸೊನ್ನೆಯಾಗುತ್ತದೆ. ಕರೆ ಮುಗಿದ ಮೇಲೆ ಇದೇ ಪುಟದ Calls ಸಾಲಿನಲ್ಲಿ ಕಳುಹಿಸಿದ ಮತ್ತು ಪಡೆದ ಡೇಟಾ ಬೇರೆ ಬೇರೆಯಾಗಿ ಕಾಣುತ್ತದೆ. ಎರಡನ್ನೂ ಕೂಡಿಸಬೇಕು.

ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಆ ಪುಟ ವೈ-ಫೈ ಡೇಟಾ ಮತ್ತು ಮೊಬೈಲ್ ಡೇಟಾವನ್ನು ಬೇರ್ಪಡಿಸುವುದಿಲ್ಲ. ಹಾಗಾಗಿ ಬೇರ್ಪಡಿಸುವ ಕೆಲಸ ನಮ್ಮದು. ವೈ-ಫೈ ಕರೆಯನ್ನು ಅಳೆಯುವಾಗ ಮೊಬೈಲ್ ಡೇಟಾವನ್ನು ಪೂರ್ತಿ ಆಫ್ ಮಾಡಿ, ಮೊಬೈಲ್ ಕರೆಯನ್ನು ಅಳೆಯುವಾಗ ವೈ-ಫೈ ಆಫ್ ಮಾಡಿ. ಎರಡನ್ನೂ ಹಾಗೆಯೇ ಬಿಟ್ಟರೆ ಏನಾಗುತ್ತದೆಂದು ಅಕ್ಕನ ಮನೆಯಲ್ಲೇ ಕಂಡೆ. ಚಾವಡಿಯಲ್ಲಿ ಕರೆ ಆರಂಭವಾಗುತ್ತದೆ. ಮಗನಿಗೆ ಒಣಹಾಕಿದ ಅಡಿಕೆ ತೋರಿಸಲು ಅಂಗಳಕ್ಕೆ ಇಳಿಯುತ್ತಾರೆ. ಅಲ್ಲಿ ವೈ-ಫೈ ಕ್ಷೀಣಿಸಿದಾಗ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ದಾಟುತ್ತದೆ. ಚಿತ್ರ ಒಂದು ಕ್ಷಣ ನಿಂತು ಮತ್ತೆ ಚಲಿಸಿದರೆ ಬಹುಶಃ ಅದೇ ಕಾರಣ, ಆದರೆ ಕರೆ ಕಡಿಯುವುದಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿದ್ದರೆ ವೈ-ಫೈ ಹೋದೊಡನೆ ಕರೆ ನಿಲ್ಲುತ್ತದೆ, ಅಳತೆ ಕೆಟ್ಟದ್ದು ತಕ್ಷಣ ತಿಳಿಯುತ್ತದೆ. ಇನ್ನೊಬ್ಬರ ಫೋನಿನ ಹಾಟ್‌ಸ್ಪಾಟ್ ಬಳಸಿ ವೈ-ಫೈ ಅಳೆದೆನೆಂದು ಹೇಳಬೇಡಿ. ಅಲ್ಲಿ ಖರ್ಚಾಗುವುದು ಅವರ ಮೊಬೈಲ್ ಡೇಟಾ.

ಒಂದೇ ವ್ಯಕ್ತಿಗೆ, ಗಡಿಯಾರ ನೋಡಿ ಹತ್ತು ನಿಮಿಷ ಕರೆ ಮಾಡಿ. ಪ್ರತಿ ಸಲವೂ ಮೊದಲು ಸೊನ್ನೆ ಮಾಡಿಕೊಳ್ಳಿ.

ನಾವು ಅಳೆದಾಗ ಧ್ವನಿ ಕರೆ ಎರಡೂ ದಾರಿಯಲ್ಲಿ ಸುಮಾರು 5 ಎಂಬಿಯಲ್ಲೇ ನಿಂತಿತು. ವಿಡಿಯೊ ಕರೆಗೆ ಚಾವಡಿಯ ವೈ-ಫೈಯಲ್ಲಿ 62 ಎಂಬಿ, ಅಂಗಳದಲ್ಲಿ ಮೊಬೈಲ್ ಡೇಟಾದಲ್ಲಿ 38 ಎಂಬಿ ಬೇಕಾಯಿತು. "ಹಾಗಾದರೆ ವೈ-ಫೈಯೇ ಹೆಚ್ಚು ತಿನ್ನುತ್ತದಲ್ಲವೇ ತಮ್ಮ?" ಎಂದು ಅಕ್ಕ ಕೇಳಿದರು. ದಾರಿ ಬದಲಾದದ್ದರಿಂದ ಮಾತ್ರ ಖರ್ಚು ಬದಲಾಗುವುದಿಲ್ಲ. ಸಂಪರ್ಕ ಎಷ್ಟು ತಾಳುತ್ತದೆಂದು ಆ್ಯಪ್ ಕರೆಯುದ್ದಕ್ಕೂ ಅಂದಾಜಿಸುತ್ತದೆ. ಚೆನ್ನಾಗಿದ್ದರೆ ಸ್ಪಷ್ಟವಾದ ಚಿತ್ರ ಕಳುಹಿಸುತ್ತದೆ, ದುರ್ಬಲವಾದರೆ ಚಿತ್ರವನ್ನು ಮಸುಕಾಗಿಸಿ ಡೇಟಾ ಇಳಿಸುತ್ತದೆ. ಗುಡ್ಡದ ಮರೆಯ ಅಂಗಳದಲ್ಲಿ ಸಿಗ್ನಲ್ ಕಡಿಮೆ, ಮಗನ ಮುಖವೂ ಮಬ್ಬಾಗಿತ್ತು. ಟವರ್ ಹತ್ತಿರವಿರುವ ಪೇಟೆಯಲ್ಲಿ ಇದೇ ಕರೆ ವೈ-ಫೈಯಷ್ಟೇ ಡೇಟಾ ತೆಗೆದುಕೊಳ್ಳಬಹುದು. ಧ್ವನಿಗೆ ಬೇಕಾದದ್ದೇ ಸ್ವಲ್ಪ, ಆದ್ದರಿಂದ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ನಿಮ್ಮ ಫೋನಿನ ಲೆಕ್ಕ ಮಾತ್ರ. ಕರೆ ಸ್ವೀಕರಿಸಿದವರ ಫೋನಿನಲ್ಲಿಯೂ ಅದರದೇ ಡೇಟಾ ಖರ್ಚಾಗುತ್ತದೆ.

ಈಗ ಅಕ್ಕನ ದಿನದ ಪ್ಯಾಕ್ ಮುಗಿಯಲು ಕರೆಯೇ ಕಾರಣವೇ ಎಂಬ ಪ್ರಶ್ನೆಗೆ ಬರೋಣ. ಹತ್ತು ನಿಮಿಷಕ್ಕೆ 38 ಎಂಬಿ ಎಂದರೆ ಅರ್ಧ ಗಂಟೆಗೆ 114 ಎಂಬಿ. 1.5 ಜಿಬಿ ಎಂದರೆ ಸುಮಾರು 1,500 ಎಂಬಿ. ಇಡೀ ಕರೆ ಮೊಬೈಲ್ ಡೇಟಾದಲ್ಲೇ ನಡೆದರೂ ಹದಿಮೂರರಲ್ಲಿ ಒಂದು ಪಾಲು ಅಷ್ಟೆ. ಉಳಿದದ್ದು ಎಲ್ಲಿ ಹೋಗುತ್ತಿತ್ತೆಂದು Network usage ಪುಟವನ್ನು ಒಂದು ಇಡೀ ದಿನ ಬಿಟ್ಟು ನೋಡಿದೆವು. Calls ಸಾಲಿಗಿಂತ Media ಸಾಲು ಎಷ್ಟೋ ಪಾಲು ದೊಡ್ಡದಾಗಿತ್ತು. ಕುಟುಂಬದ ಗುಂಪುಗಳಿಗೆ ಬರುವ ವಿಡಿಯೊಗಳೆಲ್ಲ ತಾವಾಗಿ ಇಳಿಯುತ್ತಿದ್ದವು. Storage and data ಪುಟದಲ್ಲೇ ಇರುವ When using mobile data ಒತ್ತಿ ಎಲ್ಲ ಗುರುತುಗಳನ್ನೂ ತೆಗೆದೆವು.

ಕರೆಯ ಡೇಟಾವನ್ನೂ ಇಳಿಸಬೇಕಾದವರಿಗೆ ಅದೇ ಪುಟದಲ್ಲಿ Use less data for calls ಇದೆ. ಪ್ಯಾಕ್ ನಿಜವಾಗಿಯೂ ಸಾಲದಿದ್ದರೆ ಮಾತ್ರ ಅದನ್ನು ಹಾಕಿ, ಏಕೆಂದರೆ ಕರೆಯ ಗುಣಮಟ್ಟ ಇಳಿಯಬಹುದು. ಅಕ್ಕನ ಫೋನಿನಲ್ಲಿ ನಾನು ಅದನ್ನು ಮುಟ್ಟಲಿಲ್ಲ. ಅವರಿಗೆ ಮಗನ ಮುಖ ಸ್ಪಷ್ಟವಾಗಿ ಕಾಣಬೇಕಿತ್ತು.