ಮೇಣದ ಪ್ರಿಸಮ್‌ಗಳ ನಡುವಿನ ಆರು ಮಿಲಿಮೀಟರ್: ಇವ್ಯಾನೆಸೆಂಟ್ ಅಲೆಯ ಆಳ ಅಳೆಯುವುದು

ಪೂರ್ಣ ಆಂತರಿಕ ಪ್ರತಿಫಲನ ಆಗುವಾಗ ಅಲೆ ಗಡಿಯಲ್ಲೇ ನಿಂತುಬಿಡುವುದಿಲ್ಲ. ಅದರ ಕ್ಷೇತ್ರ ಗಡಿಯಾಚೆಗೂ ಸ್ವಲ್ಪ ದೂರ ಇರುತ್ತದೆ, ದೂರ ಹೆಚ್ಚಿದಂತೆ ಘಾತೀಯವಾಗಿ ಕುಗ್ಗುತ್ತದೆ. ಇದೇ ಇವ್ಯಾನೆಸೆಂಟ್ ಅಲೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಈ ದೂರ ನೂರಾರು ನ್ಯಾನೋಮೀಟರ್ ಮಾತ್ರ. ಎರಡು ಗಾಜುಗಳ ನಡುವೆ ಅಷ್ಟು ಸಣ್ಣ ಸಂದು ಬಿಟ್ಟು ಅದನ್ನು ಅಳೆಯುವುದು ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಆಗುವ ಕೆಲಸವಲ್ಲ. ಆದರೆ ಈ ಆಳ ತರಂಗಾಂತರದ ಜೊತೆಗೇ ಬೆಳೆಯುತ್ತದೆ. ಮೂರು ಸೆಂಟಿಮೀಟರ್ ತರಂಗಾಂತರದ ಮೈಕ್ರೋವೇವ್ ಬಳಸಿದರೆ ಸಂದನ್ನು ಸ್ಟೀಲ್ ಸ್ಕೇಲಿನಲ್ಲೇ ಅಳೆಯಬಹುದು. ಜಗದೀಶಚಂದ್ರ ಬೋಸರು ಮೈಕ್ರೋವೇವ್ ಹಿಡಿದು, ಪೂರ್ಣ ಪ್ರತಿಫಲನದ ಮೇಲೆ ಗಾಳಿ ಸಂದಿನ ದಪ್ಪ ಏನು ಪರಿಣಾಮ ಮಾಡುತ್ತದೆಂದು 1897ರಲ್ಲೇ ಪ್ರಕಟಿಸಿದ್ದರು. ಕಾರವಾರದಲ್ಲಿ ನಾನು ಹೊಂದಿಸಿಕೊಂಡದ್ದೂ ಅದೇ ಜಾಡಿನ ಪ್ರಯೋಗ. ಬೇಕಾದದ್ದು ಲ್ಯಾಬಿನ ಎಕ್ಸ್-ಬ್ಯಾಂಡ್ ಬೆಂಚು, ಅಲೆ ಕಳಿಸಲು ಒಂದು, ಹಿಡಿಯಲು ಒಂದು ಎಂದು ಎರಡು ಹಾರ್ನ್, ಮತ್ತು ಪ್ಯಾರಾಫಿನ್ ಮೇಣದ ಎರಡು ಪ್ರಿಸಮ್.

ಎರಡು ಪ್ರಿಸಮ್ ಯಾಕೆಂದರೆ, ಇವ್ಯಾನೆಸೆಂಟ್ ಅಲೆ ತಾನಾಗಿ ಶಕ್ತಿಯನ್ನು ಆಚೆಗೆ ಹೊತ್ತೊಯ್ಯುವುದಿಲ್ಲ. ಗಡಿಗೆ ಸಮಾನಾಂತರವಾಗಿ ಸಾಗುತ್ತದೆ, ಅಷ್ಟೆ. ಅದರ ಬಾಲ ಇನ್ನೂ ಉಳಿದಿರುವ ಜಾಗಕ್ಕೆ ಎರಡನೇ ಪ್ರಿಸಮ್ ತಂದರೆ ಅಲ್ಲಿ ಮತ್ತೆ ಮಾಮೂಲಿ ಅಲೆ ಹುಟ್ಟಿ ಮುಂದೆ ಹೋಗುತ್ತದೆ. ಸಂದು ಅಗಲಿಸುತ್ತ ಆಚೆ ಬರುವ ಶಕ್ತಿ ಎಷ್ಟು ಬೇಗ ಇಳಿಯುತ್ತದೆಂದು ನೋಡಿದರೆ ಆಳ ಸಿಗುತ್ತದೆ.

ಮೊದಲ ತೀರ್ಮಾನ ಪ್ರಿಸಮ್‌ನ ಆಕಾರದ್ದು. ನನ್ನ ಮಟ್ಟಿಗೆ ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ. ಸಾಮಾನ್ಯವಾಗಿ 45 ಡಿಗ್ರಿಯ ಲಂಬಕೋನ ಪ್ರಿಸಮ್ ಚಿತ್ರ ಬಿಡಿಸುತ್ತಾರೆ. ಮೇಣದ ವಕ್ರೀಭವನಾಂಕ ಸುಮಾರು 1.5, ಅಂದರೆ ಕ್ರಾಂತಿಕೋನ 41.8 ಡಿಗ್ರಿ. 45ಕ್ಕೂ ಅದಕ್ಕೂ ಅಂತರ ಬರೀ ಮೂರು ಡಿಗ್ರಿ. ಹಾರ್ನ್‌ನಿಂದ ಬರುವುದು ಸಮಾನಾಂತರ ಕಿರಣವಲ್ಲ. ಅದು ಎರಡೂ ಕಡೆ ಹತ್ತು ಡಿಗ್ರಿಯಷ್ಟು ಹರಡಿದರೂ ಮೇಣದೊಳಗೆ ಆರೇಳು ಡಿಗ್ರಿ ಹರಡಿದಂತೆ. ಹಾಗಾಗಿ ಅದರ ಒಂದು ಪಾಲು ಕ್ರಾಂತಿಕೋನಕ್ಕಿಂತ ಕಡಿಮೆ ಕೋನದಲ್ಲಿ ಗಡಿಗೆ ಬಿದ್ದು, ಪೂರ್ಣ ಪ್ರತಿಫಲನವೇ ಆಗದೆ ನೇರ ದಾಟಿಹೋಗುತ್ತದೆ. ಸಂದು ಎಷ್ಟೇ ಅಗಲಿಸಿದರೂ ಮೀಟರಿನ ಮುಳ್ಳು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಸಮಬಾಹು ಪ್ರಿಸಮ್ ಮಾಡಿದರೆ ಈ ತೊಂದರೆ ಹೋಗುತ್ತದೆ. ಒಂದು ಮುಖಕ್ಕೆ ಲಂಬವಾಗಿ ಒಳಹೊಕ್ಕ ಅಲೆ ಮುಂದಿನ ಮುಖಕ್ಕೆ 60 ಡಿಗ್ರಿಯಲ್ಲಿ ಬೀಳುತ್ತದೆ, ಕ್ರಾಂತಿಕೋನಕ್ಕಿಂತ 18 ಡಿಗ್ರಿ ದೂರ. ಪ್ರತಿಫಲಿಸಿದ ಅಲೆ ಮೂರನೇ ಮುಖದಿಂದ ಲಂಬವಾಗಿಯೇ ಹೊರಬರುತ್ತದೆ, ಹಾಗಾಗಿ ಅದನ್ನೂ ಅಳೆಯುವುದು ಸಲೀಸು. ಎರಡನೇ ಪ್ರಿಸಮ್ ತಿರುಗಿಸಿ ಇಟ್ಟರೆ ದಾಟಿದ ಅಲೆ ಮೊದಲಿನ ದಿಕ್ಕಿನಲ್ಲೇ ಆಚೆ ಬರುತ್ತದೆ.

ನನ್ನ ಪ್ರಿಸಮ್‌ಗಳ ಬಾಹು 20 ಸೆಂ.ಮೀ., ಎತ್ತರ 15 ಸೆಂ.ಮೀ. ಒಂದೊಂದಕ್ಕೆ ಸುಮಾರು 2.3 ಕೆ.ಜಿ. ಮೇಣ ಹಿಡಿಯುತ್ತದೆ. ಆರುವಾಗ ಕುಗ್ಗುವುದರಿಂದ ಎರಡಕ್ಕೂ ಸೇರಿ ಆರು ಕೆ.ಜಿ. ತಂದಿಟ್ಟುಕೊಳ್ಳಬೇಕು. ಶಿರಸಿ ಕಡೆ ಜೇನುಮೇಣ ಸಿಗುತ್ತದಲ್ಲ ಎನ್ನಬಹುದು. ಇಷ್ಟು ತೂಕಕ್ಕೆ ಅದು ದುಬಾರಿ, ಮೇಲಾಗಿ ಕಸ ಸೇರಿರುತ್ತದೆ. ಮೇಣದಬತ್ತಿ ಮಾಡುವವರು ತರಿಸುವ ಪ್ಯಾರಾಫಿನ್ನೇ ಸಾಕು. ಬಡಗಿಯ ಹತ್ತಿರ ಒಳಗೆ ಸನ್‌ಮೈಕಾ ಅಂಟಿಸಿದ ಪ್ಲೈವುಡ್ಡಿನ ತ್ರಿಕೋನ ಅಚ್ಚು ಮಾಡಿಸಿ, ನಿಲ್ಲಿಸಿಯೇ ಎರಕ ಹೊಯ್ಯಬೇಕು. ಆಗ ಕುಸಿಯುವುದು ಮೇಲಿನ ತ್ರಿಕೋನ ಮುಖ, ಅಲೆ ಹಾದುಹೋಗುವ ಮುಖಗಳಲ್ಲ.

ಮೇಣ ಕರಗಿಸುವುದು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ನೇರ ಉರಿಯ ಮೇಲಲ್ಲ. ಒಂದೇ ಸಲ ಪೂರ್ತಿ ಸುರಿದರೆ ಹೊರಗೆ ಗಟ್ಟಿಯಾಗಿ ನಡುವೆ ಪೊಳ್ಳಾಗುತ್ತದೆ. ಆ ಪೊಳ್ಳು ಹೊರಗೆ ಕಾಣುವುದಿಲ್ಲ, ಆದರೆ ತರಂಗಾಂತರಕ್ಕೆ ಹೋಲಿಸುವಷ್ಟು ದೊಡ್ಡದಾದರೆ ಅಲೆಯನ್ನು ಚದುರಿಸುತ್ತದೆ. ಹಾಗಾಗಿ ಮೂರು ಸೆಂ.ಮೀ.ಯ ಪದರ ಪದರವಾಗಿ ಸುರಿಯಬೇಕು. ಮೇಲೆ ಕೆನೆ ಕಟ್ಟಿ ಬೆರಳಿಗೆ ಇನ್ನೂ ಮೆತ್ತಗಿರುವಾಗಲೇ ಮುಂದಿನ ಪದರ. ಪೂರ್ತಿ ತಣ್ಣಗಾದ ಮೇಲೆ ಸುರಿದರೆ ಬೆಸುಗೆ ಹಿಡಿಯದೆ ನಡುವೆ ಗೆರೆ ಬಿಡುತ್ತದೆ. ಅಚ್ಚಿಗೆ ಗೋಣಿಚೀಲ ಸುತ್ತಿ ನಿಧಾನ ಆರಲು ಬಿಡಿ. ಬಿಚ್ಚಿದ ಮೇಲೆ ಮುಖಕ್ಕೆ ಸ್ಟೀಲ್ ಸ್ಕೇಲಿನ ಅಂಚು ಹಿಡಿದು ಬೆಳಕಿಗೆ ನೋಡಿದರೆ ನಡುವೆ ತಗ್ಗು ಕಾಣುತ್ತದೆ. ಬಿಸಿ ಮಾಡಿದ ಸಪಾಟು ಅಲ್ಯೂಮಿನಿಯಂ ತಗಡಿನ ಮೇಲೆ ಉಜ್ಜಿ ಅದನ್ನು ಸಮ ಮಾಡಬೇಕು.

ಅದೇ ಪ್ರಿಸಮ್‌ನಿಂದ ವಕ್ರೀಭವನಾಂಕವನ್ನೂ ಅಳೆದುಬಿಡಿ. ಬೆಳಕಿನ ಸ್ಪೆಕ್ಟ್ರೋಮೀಟರಿನಲ್ಲಿ ಮಾಡುವ ಕನಿಷ್ಠ ವಿಚಲನೆಯ ವಿಧಾನವೇ ಇಲ್ಲೂ ನಡೆಯುತ್ತದೆ. ಅಂಕ 1.50 ಇದ್ದರೆ ವಿಚಲನೆ 37 ಡಿಗ್ರಿಯ ಹತ್ತಿರ ಬರುತ್ತದೆ. ಕೋನ ಒಂದು ಡಿಗ್ರಿ ತಪ್ಪಿದರೆ ಅಂಕ ಸುಮಾರು 0.01 ತಪ್ಪುತ್ತದೆ. ಅಷ್ಟು ತಪ್ಪಿನಿಂದ 60 ಡಿಗ್ರಿ ಜೋಡಣೆಯಲ್ಲಿ ಆಳದ ಲೆಕ್ಕ ಶೇ. 2ರೊಳಗೆ ಏರುಪೇರಾಗುತ್ತದೆ. 45 ಡಿಗ್ರಿಯಲ್ಲಾದರೆ ಶೇ. 6ಕ್ಕೂ ಮೇಲೆ. ಸಮಬಾಹು ಆಕಾರದ ಪರವಾಗಿ ಇದು ಇನ್ನೊಂದು ಕಾರಣ.

ಲೆಕ್ಕ ಹೀಗೆ:

```
d = λ / (2π √(n² sin²θ − 1))
λ = 3.19 cm, n = 1.50, θ = 60°
d = 0.61 cm
```

ಇಲ್ಲಿ λ ಎಂದರೆ ತೆರೆದ ಗಾಳಿಯಲ್ಲಿನ ತರಂಗಾಂತರ. 9.4 ಗಿಗಾಹರ್ಟ್ಸ್‌ಗೆ ಅದು 3.19 ಸೆಂ.ಮೀ. ಸ್ಲಾಟೆಡ್ ಲೈನಿನಲ್ಲಿ ಅಳೆದಾಗ ಸಿಗುವುದು ವೇವ್‌ಗೈಡ್ ಒಳಗಿನ ತರಂಗಾಂತರ, ಸುಮಾರು 4.45 ಸೆಂ.ಮೀ. ಅದನ್ನೇ ಸೂತ್ರಕ್ಕೆ ಹಾಕಿದರೆ ಆಳ ಶೇ. 40ರಷ್ಟು ಹೆಚ್ಚು ಬರುತ್ತದೆ. ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ಪದೇ ಪದೇ ಕಾಣುವ ತಪ್ಪು ಇದು. ಇನ್ನೊಂದು ಮಾತು: ಈ 6.1 ಮಿ.ಮೀ. ಕ್ಷೇತ್ರ 1/e ಆಗುವ ದೂರ. ತೀವ್ರತೆ 1/e ಆಗುವುದು ಇದರ ಅರ್ಧಕ್ಕೆ, 3.1 ಮಿ.ಮೀ.ಗೆ. ಎರಡನ್ನೂ ಆಳ ಎಂದೇ ಕರೆಯುತ್ತಾರೆ, ಹಾಗಾಗಿ ಯಾವುದೆಂದು ಬರೆದಿಡುವುದು ಕಡ್ಡಾಯ. ಡೆಸಿಬೆಲ್‌ನಲ್ಲಿ ಅಳೆದರೆ ಈ ಗೊಂದಲವಿಲ್ಲ: ಪ್ರತಿ ಸೆಂ.ಮೀ.ಗೆ 14.2 ಡೆಸಿಬೆಲ್ ಇಳಿತ.

ಈಗ ಅಳತೆ. ಹಾರ್ನ್‌ನ ಅಗಲವಾದ ಗೋಡೆ ಅಡ್ಡಕ್ಕಿರಲಿ, ಆಗ ವಿದ್ಯುತ್ ಕ್ಷೇತ್ರ ನೆಟ್ಟಗಿರುತ್ತದೆ. ಕಳಿಸುವ ಹಾರ್ನ್ ಪ್ರಿಸಮ್‌ನಿಂದ 80 ಸೆಂ.ಮೀ. ದೂರವಿದ್ದರೆ ಮುಖಕ್ಕೆ ಬೀಳುವ ಪಾಲಿನ ಹರಡು ಎರಡೂ ಕಡೆ ಏಳು ಡಿಗ್ರಿಗೆ ಇಳಿಯುತ್ತದೆ. ಮೊದಲ ಪ್ರಿಸಮ್ ಸ್ಥಿರ, ಎರಡನೆಯದು ಗೈಡ್ ಪಟ್ಟಿಗಳ ನಡುವೆ ಸಂದಿಗೆ ಲಂಬವಾಗಿ ಜಾರುವಂತಿರಬೇಕು. ಕ್ರಿಸ್ಟಲ್ ಡಿಟೆಕ್ಟರಿನ ಕರೆಂಟನ್ನು ನೇರವಾಗಿ ಶಕ್ತಿ ಎಂದು ನಂಬಬೇಡಿ, ಆ ಅನುಪಾತ ನಿಲ್ಲುವುದು ಸಣ್ಣ ಸಿಗ್ನಲ್‌ಗಳಿಗೆ ಮಾತ್ರ. ಬದಲಿಗೆ ಪ್ರಿಸಮ್‌ಗಳು ತಾಗಿರುವಾಗ ಕ್ಯಾಲಿಬ್ರೇಟ್ ಆದ ಅಟೆನ್ಯುಯೇಟರನ್ನು 35 ಡೆಸಿಬೆಲ್‌ಗೆ ಇಟ್ಟು ಮೀಟರಿನ ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಸಂದು ಅಗಲಿಸಿದಾಗಲೆಲ್ಲ ಮುಳ್ಳು ಅದೇ ಗುರುತಿಗೆ ಬರುವಷ್ಟು ಅಟೆನ್ಯುಯೇಷನ್ ಕಡಿಮೆ ಮಾಡಿ. ಕಡಿಮೆ ಮಾಡಿದಷ್ಟೇ ಇಳಿತ.

ಸಂದು ಅಗಲಿದಂತೆ ದಾಟಿದ ಅಲೆಯ ಜಾಗವೂ ಸರಿಯುತ್ತದೆ. ಸಂದು s ಆದರೆ ಪಕ್ಕಕ್ಕೆ ಸುಮಾರು 0.87 s, ಎಂದರೆ 2.5 ಸೆಂ.ಮೀ. ಸಂದಿಗೆ ಎರಡು ಸೆಂ.ಮೀ.ಗೂ ಹೆಚ್ಚು. ಹಿಡಿಯುವ ಹಾರ್ನ್ ಅಲ್ಲೇ ಬಿಟ್ಟರೆ ಇಳಿತ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಪ್ರತಿ ಸಲ ಹಾರ್ನನ್ನು ಪಕ್ಕಕ್ಕೆ ಸರಿಸಿ ಗರಿಷ್ಠ ಹುಡುಕಬೇಕು. ಮೇಣದ ಮುಖ, ಹಾರ್ನ್‌ಗಳ ನಡುವೆ ಸ್ಥಾಯಿ ಅಲೆಯೂ ಆಗುವುದರಿಂದ ಹಾರ್ನನ್ನು 8 ಮಿ.ಮೀ. ಹಿಂದಕ್ಕೆ ತಂದು ಇನ್ನೊಂದು ರೀಡಿಂಗ್ ತೆಗೆದು ಸರಾಸರಿ ಮಾಡಿ.

ನಂತರ ಸೋರಿಕೆಯ ಪರೀಕ್ಷೆ. ರಟ್ಟಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಸಂದಿನೊಳಗೆ ಇಳಿಸಿ. ಈಗ ದಾಟಲು ಏನೂ ಇಲ್ಲ. ಆದರೂ ಉಳಿಯುವ ರೀಡಿಂಗು ಪ್ರಿಸಮ್‌ಗಳ ಅಂಚು ಸುತ್ತಿಯೋ ಗೋಡೆಗೆ ಬಡಿದೋ ಬಂದದ್ದು. ಅಲೆಗಳು ಕೂಡುವಾಗ ಫೇಸ್‌ನ ಲೆಕ್ಕವಿರುವುದರಿಂದ ಅದನ್ನು ಸುಮ್ಮನೆ ಕಳೆಯಲಾಗದು. ಅಳೆಯುವ ಸಿಗ್ನಲ್ ಅದಕ್ಕಿಂತ 20 ಡೆಸಿಬೆಲ್ ಮೇಲಿರುವಲ್ಲಿಯವರೆಗೆ ಮಾತ್ರ ನಂಬಿ.

ಆದರ್ಶ ಲೆಕ್ಕದ ಪ್ರಕಾರ ಬರಬೇಕಾದ ಇಳಿತ ಹೀಗಿದೆ. ಸಂದು 0.5 ಸೆಂ.ಮೀ. ಇದ್ದಾಗ 2.6 ಡೆಸಿಬೆಲ್, 1 ಸೆಂ.ಮೀ.ಗೆ 8.5, ಒಂದೂವರೆಗೆ 15.4, ಎರಡಕ್ಕೆ 22.4, ಎರಡೂವರೆಗೆ 29.5. ಮೊದಲ ಅರ್ಧ ಸೆಂ.ಮೀ.ಯ ಇಳಿತ ತೀರ ಕಡಿಮೆ. ಸಂದು ಚಿಕ್ಕದಿರುವಾಗ ಎರಡನೇ ಮುಖದಿಂದ ಮರಳುವ ಕ್ಷೇತ್ರವೂ ಸಂದಿನಲ್ಲಿ ಸೇರಿಕೊಂಡು ಶುದ್ಧ ಘಾತೀಯ ಕುಗ್ಗುವಿಕೆ ಇರುವುದಿಲ್ಲ. ಸೊನ್ನೆಯಿಂದಲೇ ಗೆರೆ ಎಳೆದರೆ ಆಳ ಹೆಚ್ಚು ಬರುತ್ತದೆ. ಒಂದು ಸೆಂ.ಮೀ.ಯಿಂದ ಆಚೆಗಿನ ಬಿಂದುಗಳನ್ನು ಮಾತ್ರ ತೆಗೆದುಕೊಂಡು, ಆ ಗೆರೆಯ ಇಳಿಜಾರಿನಿಂದ 8.69ನ್ನು ಭಾಗಿಸಿದರೆ ಕ್ಷೇತ್ರದ ಆಳ ಸೆಂ.ಮೀ.ನಲ್ಲಿ ಬರುತ್ತದೆ.

ಇಳಿಜಾರನ್ನು ನಂಬುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಮುಖಗಳ ನಡುವೆ ತಗ್ಗಿದ್ದು ಸಂದಿನ ಸೊನ್ನೆ ಮೂರು ಮಿ.ಮೀ. ತಪ್ಪಿದ್ದರೂ ಗೆರೆ ಪೂರ್ತಿಯಾಗಿ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅದರ ಓರೆ ಬದಲಾಗದು. ಕೆಡಿಸುವುದು ಜಾರುವಾಗ ಪ್ರಿಸಮ್ ತಿರುಗುವುದು. 20 ಸೆಂ.ಮೀ. ಮುಖ ಒಂದು ಡಿಗ್ರಿ ತಿರುಗಿದರೆ ಒಂದು ಅಂಚಿನಲ್ಲಿ ಸಂದು 3.5 ಮಿ.ಮೀ. ಹೆಚ್ಚುತ್ತದೆ. ಸಂದನ್ನು ಎರಡೂ ತುದಿಯಲ್ಲಿ ಅಳೆಯಿರಿ. ಮಳೆಗಾಲದಲ್ಲಿ ಕರಾವಳಿಯ ಹವೆಗೆ ಮರದ ಗೈಡ್ ಉಬ್ಬಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಚಾನೆಲ್ ಉತ್ತಮ.

ಸಂದು ಹೆಚ್ಚಿದಂತೆ ಗೆರೆಯ ಓರೆ ಕಡಿಮೆಯಾಗುತ್ತ ಬಂದರೆ ಕಾರಣ ಎರಡೇ: ಒಂದೋ ಸೋರಿಕೆ, ಇಲ್ಲವೇ ಕೋನದ ಹರಡು. 55 ಡಿಗ್ರಿಯಲ್ಲಿ ಬೀಳುವ ಪಾಲಿಗೆ ಆಳ 7.1 ಮಿ.ಮೀ. ಸಂದು ಅಗಲವಾದಷ್ಟೂ ದೂರ ತಲುಪುವ ಅಂಥ ಪಾಲಿನದೇ ಮೇಲುಗೈ. ಫಾಯಿಲ್ ಪರೀಕ್ಷೆ ಸರಿಯಿದ್ದೂ ಓರೆ ಕಡಿಮೆಯಾದರೆ ಹಾರ್ನನ್ನು ಇನ್ನೂ ಹಿಂದಕ್ಕೆ ಒಯ್ಯಬೇಕು. ಹರಡು ಪೂರ್ತಿ ಹೋಗದ ಕಾರಣ ಅಳತೆ 6.1ಕ್ಕಿಂತ ತುಸು ಹೆಚ್ಚೇ ನಿಲ್ಲುವುದು ಸಹಜ. ಅದಕ್ಕಿಂತ ಕಡಿಮೆ ಬಂದರೆ ಹಿಡಿಯುವ ಹಾರ್ನ್ ಗರಿಷ್ಠದಲ್ಲಿ ಇಲ್ಲವೆಂದು ಮೊದಲು ಅನುಮಾನಿಸಿ.

ಏಸಿ ಕೋಣೆಯಿಂದ ಪ್ರಿಸಮ್ ಹೊರಗೆ ತಂದ ಕೂಡಲೇ ಅಳೆಯಬೇಡಿ. ಕಾರವಾರದ ಹವೆಯಲ್ಲಿ ತಣ್ಣಗಿನ ಮೇಣದ ಮೇಲೆ ಕ್ಷಣದಲ್ಲಿ ಬೆವರು ಕೂರುತ್ತದೆ, ಮತ್ತು ಈ ಆವರ್ತನದಲ್ಲಿ ನೀರು ಮೈಕ್ರೋವೇವನ್ನು ಚೆನ್ನಾಗಿ ಹೀರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಕೋಣೆಯ ಉಷ್ಣತೆಗೆ ಬರಲು ಬಿಡಿ. ಏಪ್ರಿಲ್-ಮೇ ಸೆಕೆಗೆ ಮೇಣ ಮೆತ್ತಗಾಗುವುದರಿಂದ ಪ್ರಿಸಮ್‌ಗಳನ್ನು ಅಂಚಿನ ಮೇಲೆ ನಿಲ್ಲಿಸದೆ, ತ್ರಿಕೋನ ಮುಖ ಕೆಳಗೆ ಮಾಡಿ ಸಪಾಟು ಗಾಜಿನ ಮೇಲೆ ಇಡಬೇಕು.