ದಿನದ ಹೂವಿನ ಅಂಗಡಿಗೆ ಹೆಸರು, ಅಡಿಬರಹ ಹುಡುಕುವುದು ಹೇಗೆ?

ಹೂವಿನ ಅಂಗಡಿಗೆ ಹೆಸರು ಯೋಚಿಸಲು ಕೂತರೆ ‘ಅಲಂಕಾರ’, ‘ಶುಭ’, ‘ರಾಯಲ್’, ‘ಡೆಕೊರೇಟರ್ಸ್’ ಇಂಥ ಪದಗಳು ತಾವಾಗಿಯೇ ಬರುತ್ತವೆ. ಮದುವೆ ಆರ್ಡರ್ ಹಿಡಿಯುವವರಿಗೆ ಇವು ಸರಿ. ಆದರೆ ಕೆಲಸ ಮುಗಿಸಿ ಮನೆಗೆ ಹೋಗುತ್ತಾ, ಮೇಜಿನ ಮೇಲಿಡಲು ನಾಲ್ಕು ಸೇವಂತಿಗೆ ಸಾಕು ಅನ್ನುವವರಿಗೆ ಈ ಬೋರ್ಡ್ ಬೇರೆಯದನ್ನೇ ಹೇಳುತ್ತದೆ. ‘ಇಲ್ಲಿ ಅಷ್ಟು ಕಮ್ಮಿ ಕೊಡ್ತಾರೋ ಇಲ್ವೋ’ ಅಂದುಕೊಂಡು ಅವರು ಮುಂದೆ ಹೋಗಿಬಿಡುತ್ತಾರೆ. ದಿನಬಳಕೆಯ ಹೂವಿನ ಅಂಗಡಿಯ ಹೆಸರು ಮೊದಲು ತೀರಿಸಬೇಕಾದ್ದು ಈ ಅನುಮಾನವನ್ನೇ: ಸ್ವಲ್ಪ ಕೇಳಿದರೂ ಇಲ್ಲಿ ಕೊಡುತ್ತಾರೆ.

ಬಡಾವಣೆಯ ರಸ್ತೆಯಲ್ಲಿ, ಜನ ಸಂಜೆ ನಡೆದುಹೋಗುವ ದಾರಿಯಲ್ಲಿ ಇಂಥದೊಂದು ಅಂಗಡಿ ಇದೆ ಅಂತ ಇಟ್ಟುಕೊಂಡು ಹೆಸರು ಹುಡುಕೋಣ.

ಮೊದಲು ಪದಗಳನ್ನು ಸೇರಿಸಿ

ಸುಂದರವಾದ ಹೆಸರಿಗಾಗಿ ತಡಕಾಡಬೇಡಿ. ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಹೊತ್ತು ಹೇಳುವ ಪದಗಳು: ದಿನ, ಸಂಜೆ, ವಾರ, ಸೋಮವಾರ. ಎರಡನೆಯದರಲ್ಲಿ ಅಳತೆಯವು: ಹಿಡಿ, ಬೊಗಸೆ, ಕಟ್ಟು, ಎಸಳು. ಮೂರನೆಯದರಲ್ಲಿ ಹೂ ಹೋಗಿ ಕೂರುವ ಜಾಗಗಳು: ಕಿಟಕಿ, ಮೇಜು, ಮೂಲೆ. ಹೂವಿನ ಜಾತಿಯ ಹೆಸರು ಬೇಡ. ‘ಗುಲಾಬಿ’ ಅಂತ ಹೆಸರಿಟ್ಟರೆ ಗುಲಾಬಿ ಸಿಗದ ದಿನವೂ ಜನ ಅದನ್ನೇ ಕೇಳುತ್ತಾರೆ.

ಇವುಗಳನ್ನು ಜೋಡಿಸಿದರೆ ದಿನದ ಹೂ, ಸೋಮವಾರದ ಹೂ, ಬೊಗಸೆ, ಹಿಡಿ ಹೂ, ಕಿಟಕಿ ಹೂ ಇಷ್ಟು ಬರುತ್ತವೆ. ಈ ಕೆಲಸಕ್ಕೆ ಅಳತೆಯ ಪದಗಳೇ ಜಾಸ್ತಿ ಒಗ್ಗುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಕೇಳಬಹುದು ಅನ್ನುವುದನ್ನು ಹೆಸರೇ ಹೇಳಿಬಿಡುತ್ತದೆ.

ಒಂದೊಂದನ್ನೇ ಜರಡಿ ಹಿಡಿಯಿರಿ

‘ಸೋಮವಾರದ ಹೂ’ ಕೇಳಲು ಚೆನ್ನಾಗಿದೆ. ಆದರೆ ಉಳಿದ ದಿನ ಅಂಗಡಿ ತೆರೆದಿರುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಏಳುತ್ತದೆ. ‘ದಿನದ ಹೂ’ ಅರ್ಥದಲ್ಲಿ ನೇರ, ಅದೇ ಅದರ ತೊಂದರೆ ಕೂಡ. ಮಾರುವ ಸರಕನ್ನು ಬರೀ ವರ್ಣಿಸುವ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನಿಮ್ಮದೊಬ್ಬರದೇ ಮಾಡಿಕೊಳ್ಳುವುದು ಸಾಮಾನ್ಯವಾಗಿ ಕಷ್ಟ. ನಾಳೆ ಇನ್ನೊಬ್ಬರು ಅದನ್ನೇ ಬರೆದುಕೊಂಡರೆ ತಡೆಯಲು ನಿಮ್ಮ ಬಳಿ ಹೆಚ್ಚು ದಾರಿ ಇರುವುದಿಲ್ಲ.

‘ಬೊಗಸೆ’ ನನಗೆ ತುಂಬಾ ಇಷ್ಟವಾದ ಪದ. ಆದರೆ ಅದನ್ನು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ: bogase. ಕನ್ನಡ ಬಾರದವರು ಅದನ್ನು ‘ಬೋಗಸ್’ ಅಂತ ಓದಿದರೆ ಆಶ್ಚರ್ಯವಿಲ್ಲ. ಅಂಗಡಿ ಹೆಸರಿಗೆ ಅದು ಬೇಡವೇ ಬೇಡ. ಕನ್ನಡದ ಹೆಸರನ್ನು ಕನ್ನಡದಲ್ಲಷ್ಟೇ ನೋಡಿ ಒಪ್ಪಿಕೊಂಡರೆ ಇಂಥವು ತಡವಾಗಿ ಗೊತ್ತಾಗುತ್ತವೆ.

ಉಳಿದದ್ದರಲ್ಲಿ ‘ಹಿಡಿ ಹೂ’ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಹಿಡಿಯಷ್ಟು ಹೂ ಅನ್ನುವ ಅರ್ಥವಿದೆ. ‘ತಗೋ, ಹಿಡಿ’ ಅಂತ ಕೈಗೆ ಕೊಟ್ಟ ಹಾಗೂ ಕೇಳಿಸುತ್ತದೆ. ಒತ್ತಕ್ಷರ ಇಲ್ಲ. ಇದು ಸಣ್ಣ ವಿಷಯ ಅಲ್ಲ. ‘ಪುಷ್ಪ’ದಂಥ ಪದದಲ್ಲಿ ಒತ್ತು ಕೆಳಗಿಳಿಯುವುದರಿಂದ, ಅಷ್ಟೇ ಎತ್ತರದ ಬೋರ್ಡಿನಲ್ಲಿ ಮೂಲ ಅಕ್ಷರವನ್ನು ಚಿಕ್ಕದು ಮಾಡಬೇಕಾಗುತ್ತದೆ. ರಸ್ತೆಯ ಆ ಬದಿಯಿಂದ ಓದುವವರಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ.

ಇದರಲ್ಲೂ ಒಂದು ತೊಡಕಿದೆ. ‘ಹೂ’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ hoo, hu, hoovu, huvu ಹೀಗೆ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಾಗಾಗಿ hidihoo ಅಂತ ಒಂದೇ ರೂಪ ಆರಿಸಿಕೊಳ್ಳಿ. ಬೋರ್ಡಿನ ಮೂಲೆಯಲ್ಲಿ, ಬಿಲ್ಲಿನಲ್ಲಿ, ಎಲ್ಲ ಕಡೆ ಅದನ್ನೇ ಬಳಸಿ. ಆಮೇಲೆ ಗದ್ದಲದ ಜಾಗದಿಂದ ಯಾರಿಗಾದರೂ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಬರೆದುಕೊಳ್ಳಲು ಹೇಳಿ. ಐದು ಜನರಲ್ಲಿ ಇಬ್ಬರು ‘ಏನು?’ ಅಂತ ಮತ್ತೆ ಕೇಳಿದರೆ ಇನ್ನೊಂದು ಹೆಸರು ಯೋಚಿಸುವುದು ಒಳ್ಳೆಯದು.

ಅಡಿಬರಹಕ್ಕೆ ಬೇರೆಯದೇ ಕೆಲಸ

ಹೆಸರು ಹೇಳಿದ್ದನ್ನೇ ಅಡಿಬರಹ ಮತ್ತೆ ಹೇಳಿದರೆ ಜಾಗ ದಂಡ. ‘ಹಿಡಿ ಹೂ’ ಅಂದಾಗ ಹೂ ಅನ್ನುವುದೂ ಗೊತ್ತಾಯಿತು, ಸ್ವಲ್ಪವೇ ಸಾಕು ಅನ್ನುವುದೂ ಗೊತ್ತಾಯಿತು. ಯಾವಾಗ ಕೊಳ್ಳಬೇಕು ಅನ್ನುವುದು ಮಾತ್ರ ಬಾಕಿ.

ಇಲ್ಲಿ ಬಹಳ ಜನ ‘ಮದುವೆಗೆ ಮಾತ್ರ ಅಲ್ಲ’ ಅಂತ ಬರೆಯಲು ಹೊರಡುತ್ತಾರೆ. ಬೋರ್ಡನ್ನು ಅರೆಗಣ್ಣಿನಲ್ಲಿ ನೋಡಿ ಹೋಗುವವರ ಕಣ್ಣಿಗೆ ಬೀಳುವುದು ‘ಮದುವೆ’ ಒಂದೇ. ಯಾವುದನ್ನು ಮರೆಸಬೇಕೋ ಅದನ್ನೇ ನೆನಪಿಸಿದ ಹಾಗೆ ಆಗುತ್ತದೆ. ‘ಪ್ರೀತಿಯಿಂದ, ನಿಮಗಾಗಿ’ ಅನ್ನುವುದೂ ಬೇಡ. ಅದನ್ನು ಬೇಕರಿಯ ಬೋರ್ಡಿಗೆ ಅಂಟಿಸಿದರೂ ನಡೆಯುತ್ತದೆ. ಇನ್ನು ‘ಇವತ್ತೇ ಕಿತ್ತ ಹೂ’ ಅನ್ನುವ ಮಾತು. ಹೂದಾನಿಗೆ ಬರುವ ಗುಲಾಬಿ, ಕಾರ್ನೇಷನ್ ಎಷ್ಟೋ ಸಲ ತಂಪು ಕೋಣೆ ದಾಟಿ, ಕಿತ್ತು ಒಂದೆರಡು ದಿನವಾದ ಮೇಲೇ ಅಂಗಡಿ ಸೇರುತ್ತವೆ. ಉಳಿಸಿಕೊಳ್ಳಲಾಗದ ಮಾತನ್ನು ಬೋರ್ಡಿನ ಮೇಲೆ ಬರೆಸಬಾರದು.

ನಾನು ಆರಿಸುವುದು ಇದನ್ನು: ‘ವಿಶೇಷ ಏನೂ ಇಲ್ಲದ ದಿನಕ್ಕೂ’. ಕೊನೆಯ ‘ಊ’ ನೋಡಿ. ‘ದಿನಕ್ಕೆ’ ಅಂತ ಬರೆದಿದ್ದರೆ ಸಮಾರಂಭಕ್ಕೆ ಹೂ ಬೇಕಾದವರು ‘ನಮಗಲ್ಲ’ ಅಂದುಕೊಳ್ಳುತ್ತಿದ್ದರು. ‘ದಿನಕ್ಕೂ’ ಅಂದಾಗ ಮದುವೆಯ ಹೆಸರೆತ್ತದೆ ಮದುವೆಗೂ ಜಾಗ ಉಳಿಯುತ್ತದೆ. ಜೋರಾಗಿ ಓದಿ ನೋಡಿ, ಉಸಿರು ತೆಗೆದುಕೊಳ್ಳದೆ ಒಂದೇ ಸಲಕ್ಕೆ ಹೇಳಿ ಮುಗಿಸಬಹುದು.

ಎಲ್ಲಿ ಹಾಕಬಾರದು

ದಿನದ ಹೂವಿನ ಅಂಗಡಿಗೆ ಸಾವಿನ ಮನೆಗೆ ಹೋಗುವವರೂ ಬರುತ್ತಾರೆ, ಆಸ್ಪತ್ರೆಗೆ ಹೋಗುವವರೂ ಬರುತ್ತಾರೆ. ಅವರು ಒಯ್ಯುವ ಕಟ್ಟಿನ ಕಾಗದದ ಮೇಲೆ ‘ನಗು ಅರಳಲಿ’ ಅಂತಿದ್ದರೆ ಹೇಗಿರುತ್ತದೆ? ನಾವು ಆರಿಸಿದ ಸಾಲು ಕೂಡ ಅಲ್ಲಿ ನೋವು ಕೊಡುತ್ತದೆ. ಅದಕ್ಕೆ ಸುತ್ತುವ ಕಾಗದದ ಮೇಲೆ ಹೆಸರು ಮಾತ್ರ ಇರಲಿ, ಅದೂ ಸಣ್ಣದಾಗಿ. ಅಡಿಬರಹವನ್ನು ಬೇರೆ ಸ್ಟಿಕ್ಕರ್ ಮಾಡಿಸಿ. ಯಾರಿಗೆ ಒಯ್ಯುತ್ತಿದ್ದಾರೆ ಅಂತ ತಿಳಿದುಕೊಂಡು ಅಂಟಿಸಬಹುದು.

ಬೋರ್ಡ್ ಬರೆಸುವ ಮುಂಚೆ

ಫೋನಿನ ಮ್ಯಾಪಿನಲ್ಲಿ ಅದೇ ಹೆಸರನ್ನೂ ಅದೇ ಥರ ಕೇಳಿಸುವ ಹೆಸರುಗಳನ್ನೂ ಹುಡುಕಿ. ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ನೋಡುವಾಗ, ಸರಕು, ಸೇವೆಗಳನ್ನು ವರ್ಗ ಮಾಡಲು ಹಲವು ದೇಶಗಳು ಬಳಸುವ ನೀಸ್ ವಿಂಗಡಣೆಯಲ್ಲಿ ನಿಜವಾದ ಹೂಗಳು 31ನೇ ವರ್ಗದಲ್ಲಿ ಬರುತ್ತವೆ, ಚಿಲ್ಲರೆ ಮಾರಾಟದ ಸೇವೆ 35ರಲ್ಲಿ. ಎರಡರಲ್ಲೂ ಹುಡುಕಿ.

ಬೋರ್ಡ್ ಬರೆಸುವಾಗ ಅಡಿಬರಹವನ್ನು ಬೇರೆ ಪಟ್ಟಿಯ ಮೇಲೆ ಬರೆಸಿ ಕೆಳಗೆ ಸಿಕ್ಕಿಸಿ. ಮೊದಲ ಕೆಲವು ವಾರ, ಹೊಸದಾಗಿ ಒಳಗೆ ಬಂದವರ ಮೊದಲ ಪ್ರಶ್ನೆಯನ್ನು ಬರೆದಿಡಿ. ‘ಒಂದು ಸಣ್ಣ ಕಟ್ಟು ಕೊಡಿ’ ಅನ್ನುವವರು ಜಾಸ್ತಿಯಾದರೆ ಸಾಲು ಕೆಲಸ ಮಾಡುತ್ತಿದೆ. ‘ಡೆಕೊರೇಷನ್ ಮಾಡ್ತೀರಾ’ ಅನ್ನುವವರೇ ಜಾಸ್ತಿಯಾದರೆ ಮೊದಲು ಬಾಗಿಲ ಮುಂದೆ ಏನಿಟ್ಟಿದ್ದೀರಿ ಅಂತ ನೋಡಿ. ದೊಡ್ಡ ಬೊಕೆಗಳನ್ನು ಒಳಗಿಟ್ಟು, ಸಣ್ಣ ಕಟ್ಟುಗಳ ಬಕೆಟ್ಟನ್ನು ಹೊರಗಿಡಿ. ಆಮೇಲೂ ಅದೇ ಪ್ರಶ್ನೆ ಬಂದರೆ ಹೆಸರನ್ನು ಹಾಗೇ ಬಿಟ್ಟು ಆ ಪಟ್ಟಿಯನ್ನಷ್ಟೇ ಬದಲಾಯಿಸಿ.